ಸಸ್ಯಾಹಾರಿಯ ರಕ್ತ ವರದಿ: ಫೋಲೇಟ್ ಇಳಿದು ಹೋಮೋಸಿಸ್ಟೀನ್ ಏರಿದಾಗ ಬಿ-12ರ ಆಚೆಗೆ ಏನು ಓದಬೇಕು

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ದೇಶದ ಸಸ್ಯಾಹಾರಿಗಳ ವರದಿಯಲ್ಲಿ ಬಿ-12 ಕಡಿಮೆ ಎಂದು ಬಂದರೆ ಯಾವ ವೈದ್ಯರಿಗೂ ಆಶ್ಚರ್ಯವಾಗುವುದಿಲ್ಲ. ಮಾತ್ರೆಯಲ್ಲಿ ಫೋಲಿಕ್ ಆಸಿಡ್ ಎಂಬ ಹೆಸರಿನಲ್ಲಿ ಸಿಗುವ ಇನ್ನೊಂದು ಬಿ ವಿಟಮಿನ್, ಫೋಲೇಟ್, ಕಡಿಮೆ ಎಂದು ಬಂದರೆ ಆಶ್ಚರ್ಯಪಡಬೇಕು. ಬಿ-12 ಸೊಪ್ಪು, ತರಕಾರಿ, ಕಾಳುಗಳಲ್ಲಿ ಇಲ್ಲ. ಮಾಂಸ, ಮೀನು, ಮೊಟ್ಟೆ ಬಿಟ್ಟವರಿಗೆ ಹಾಲು, ಮೊಸರು, ಮಜ್ಜಿಗೆಯೇ ಅದರ ದಾರಿ. ಫೋಲೇಟ್ ಇದಕ್ಕೆ ತದ್ವಿರುದ್ಧ. ಅದು ಇರುವುದೇ ಸೊಪ್ಪು, ಬೇಳೆ, ಕಾಳು, ಕಡಲೆಕಾಯಿಗಳಲ್ಲಿ. ಪುಣೆಯಲ್ಲಿ ಡಾ. ಯಾಜ್ಞಿಕ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಗಂಡಸರಿಗೆ ಬಿ-12 ಕಡಿಮೆ ಇತ್ತು, ಅರ್ಧಕ್ಕಿಂತ ಹೆಚ್ಚು ಮಂದಿಗೆ, ಈ ವಿಟಮಿನ್ನುಗಳು ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಹೋಮೋಸಿಸ್ಟೀನ್ ಎಂಬ ವಸ್ತು ಏರಿತ್ತು. ಫೋಲೇಟ್ ಕೊರತೆ ಇದ್ದವರು ಮಾತ್ರ ಕೆಲವೇ ಮಂದಿ. ಅಂದರೆ ನಮ್ಮಲ್ಲಿ ಮಾಮೂಲಾಗಿ ಕಾಣುವುದು ಬಿ-12 ಕಡಿಮೆ, ಹೋಮೋಸಿಸ್ಟೀನ್ ಹೆಚ್ಚು, ಫೋಲೇಟ್ ಸರಿ. ಇವತ್ತು ನಾನು ಮಾತನಾಡಲಿರುವುದು ಈ ಮಾಮೂಲಿಗೆ ಹೊರತಾದ ವರದಿಯ ಬಗ್ಗೆ. ಅದನ್ನು ಓದುವಾಗ ನಾವು ಸಾಮಾನ್ಯವಾಗಿ ಬಿ-12ರ ಅಂಕಿಯನ್ನು ನೋಡಿ ಅಲ್ಲಿಗೇ ನಿಂತುಬಿಡುತ್ತೇವೆ. ಉಳಿದ ಎರಡು ಅಂಕಿಗಳು ಹೇಳುವ ಮಾತು ಕೇಳದೆ ಹೋಗುತ್ತದೆ.

ಎದುರಿಗೆ ಒಂದು ವರದಿ ಇಟ್ಟುಕೊಳ್ಳೋಣ. ಇದು ಯಾರೋ ಒಬ್ಬರದಲ್ಲ, ಹಲವರಲ್ಲಿ ಕಾಣುವುದನ್ನು ಒಂದೆಡೆ ಸೇರಿಸಿ ಮಾಡಿಕೊಂಡ ಮಾದರಿ. ನಲವತ್ತೆಂಟು ವರ್ಷದ ಶಿಕ್ಷಕಿ, ಹುಟ್ಟಿನಿಂದ ಸಸ್ಯಾಹಾರಿ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆ. ಸುಸ್ತು, ಮೇಲಿಂದ ಮೇಲೆ ಬಾಯಿಹುಣ್ಣು, ರಾತ್ರಿ ಹೊತ್ತು ಅಂಗಾಲಿನಲ್ಲಿ ಜುಮುಜುಮು. ಹಿಮೋಗ್ಲೋಬಿನ್ 10.8. ಬಿ-12 ಒಂದು ಮಿಲಿಲೀಟರಿಗೆ 236 ಪಿಕೊಗ್ರಾಂ. ಲ್ಯಾಬಿನ ಮಿತಿ 211ರಿಂದ ಶುರುವಾಗುವುದರಿಂದ ಅದಕ್ಕೆ ಕೆಂಪು ಗುರುತು ಇಲ್ಲ. ಫೋಲೇಟ್ 2.4 ನ್ಯಾನೊಗ್ರಾಂ, 3ಕ್ಕಿಂತ ಕಡಿಮೆ ಎಂದರೆ ಕೊರತೆ. ಹೋಮೋಸಿಸ್ಟೀನ್ ಲೀಟರಿಗೆ 38 ಮೈಕ್ರೊಮೋಲ್, 15ರೊಳಗೆ ಇರಬೇಕಿತ್ತು.

ಇಂಥ ವರದಿ ಕೈಗೆ ಬಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ: "ಡಾಕ್ಟರೇ, ಬಿ-12 ನಾರ್ಮಲ್ ಇದೆಯಲ್ಲ, ಫೋಲಿಕ್ ಆಸಿಡ್ ಮಾತ್ರೆ ತಗೊಂಡರೆ ಸಾಕಲ್ಲವೇ?" ಸಾಲದು. ಅಷ್ಟೇ ಅಲ್ಲ, ಈಕೆಯ ವಿಷಯದಲ್ಲಿ ಅದು ಅಪಾಯ. ಏಕೆ ಎಂಬುದು ಅರ್ಥವಾಗಬೇಕಾದರೆ ಈ ಮೂರು ವಸ್ತುಗಳಿಗೆ ಒಂದಕ್ಕೊಂದು ಇರುವ ಸಂಬಂಧ ತಿಳಿಯಬೇಕು.

ನಾವು ತಿನ್ನುವ ಪ್ರೋಟೀನಿನಲ್ಲಿ ಮಿಥಿಯೊನೈನ್ ಎಂಬ ಅಮೈನೊ ಆಮ್ಲ ಇದೆ. ದೇಹ ಅದನ್ನು ಬಳಸಿಕೊಂಡಾಗ ಉಳಿಯುವುದು ಹೋಮೋಸಿಸ್ಟೀನ್. ಜೀವಕೋಶ ಅದನ್ನು ಗುಡ್ಡೆ ಹಾಕಿಕೊಳ್ಳದೆ ಮತ್ತೆ ಮಿಥಿಯೊನೈನ್ ಆಗಿ ಮಾರ್ಪಡಿಸುತ್ತದೆ. ಅದಕ್ಕೆ ಮೀಥೈಲ್ ಎಂಬ ಒಂದು ಚಿಕ್ಕ ತುಣುಕನ್ನು ಸೇರಿಸಬೇಕು. ಈ ತುಣುಕನ್ನು ಹೊತ್ತು ತರುವುದು ಫೋಲೇಟ್. ಅದರ ಕೈಯಿಂದ ಪಡೆದು ಹೋಮೋಸಿಸ್ಟೀನಿಗೆ ದಾಟಿಸುವುದು ಬಿ-12. ಮನೆ ಕಟ್ಟುವ ಕಡೆ ಆಳುಗಳು ಸಾಲಾಗಿ ನಿಂತು ಗಾರೆಯ ಬಾಂಡಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ, ಹಾಗೆ. ಸಾಲಿನಲ್ಲಿ ಯಾರೇ ಗೈರಾದರೂ ಕೆಲಸ ನಿಲ್ಲುತ್ತದೆ. ಕೆಲಸ ನಿಂತಿದೆ ಎಂಬುದು ದೂರದಿಂದಲೇ ಕಾಣುತ್ತದೆ, ಗೈರಾದವರು ಯಾರು ಎಂಬುದು ಕಾಣುವುದಿಲ್ಲ. ಹೋಮೋಸಿಸ್ಟೀನ್ ಏರಿದೆ ಎನ್ನುವುದು ಇಷ್ಟನ್ನೇ ಹೇಳುವ ಅಂಕಿ.

ಈಗ ಬಿ-12ರ ಅಂಕಿ ಎಷ್ಟು ಹೇಳುತ್ತದೆ ಎಂದು ನೋಡೋಣ. ಲ್ಯಾಬಿನಲ್ಲಿ ಅಳೆಯುವುದು ರಕ್ತದಲ್ಲಿ ಹರಿಯುತ್ತಿರುವ ಒಟ್ಟು ಬಿ-12. ಅದರಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಜೀವಕೋಶಗಳು ಒಳಕ್ಕೆ ಎಳೆದುಕೊಳ್ಳಬಲ್ಲ ರೂಪದಲ್ಲಿರುತ್ತದೆ. ಉಳಿದ ದೊಡ್ಡ ಪಾಲು ಬೇರೊಂದು ಪ್ರೋಟೀನಿಗೆ ಅಂಟಿಕೊಂಡು ಸುಮ್ಮನೆ ಓಡಾಡುತ್ತಿರುತ್ತದೆ. ಆದ್ದರಿಂದ 100 ಎಂದು ಬಂದರೆ ಕೊರತೆ ಖಚಿತ, 600 ಎಂದು ಬಂದರೆ ಬಹುಮಟ್ಟಿಗೆ ನೆಮ್ಮದಿ. 200ರಿಂದ 300ರ ನಡುವೆ ಬಂದರೆ ಏನೂ ಹೇಳಲಾಗದು. ಕೆಲವರ ಜೀವಕೋಶಗಳಿಗೆ ಅಷ್ಟು ಸಾಕು, ಕೆಲವರವು ಹಸಿದಿರುತ್ತವೆ. ನಮ್ಮ ಶಿಕ್ಷಕಿಯ 236 ಈ ಅಸ್ಪಷ್ಟ ಪಟ್ಟಿಯ ನಡುವೆ ಇದೆ. ಕೆಂಪು ಗುರುತು ಇಲ್ಲದಿರುವುದು ಲ್ಯಾಬಿನ ಗೆರೆ ಎಲ್ಲಿ ಎಳೆದಿದ್ದಾರೆ ಎಂಬುದನ್ನು ಮಾತ್ರ ತಿಳಿಸುತ್ತದೆ.

ಹೋಮೋಸಿಸ್ಟೀನ್ ಪರೀಕ್ಷೆ ನಿಜಕ್ಕೂ ಬೇಕಾಗುವುದು ಇಲ್ಲಿಯೇ. ಬಿ-12 100 ಇರುವವರಿಗೆ ಅದನ್ನು ಮಾಡಿಸುವುದು ಹಣ ದಂಡ. ಚಿಕಿತ್ಸೆ ಹೇಗೂ ಬೇಕು. ಅನುಮಾನದ ಪಟ್ಟಿಯಲ್ಲಿರುವವರಿಗೆ ಮಾತ್ರ ಅದು, ರಕ್ತದಲ್ಲಿ ಇರುವ ಬಿ-12 ಕೆಲಸಕ್ಕೆ ಸಾಲುತ್ತಿದೆಯೇ ಎಂಬುದಕ್ಕೆ ಉತ್ತರ ಕೊಡುತ್ತದೆ. ಫೋಲೇಟ್ ಸರಿಯಾಗಿದ್ದು, ಬಿ-12 236 ಇದ್ದು, ಹೋಮೋಸಿಸ್ಟೀನ್ 38 ಎಂದಿದ್ದರೆ ನಾನು ಹೆಚ್ಚು ಯೋಚಿಸದೆ ಬಿ-12 ಕೊರತೆ ಎಂದೇ ಹೇಳುತ್ತಿದ್ದೆ.

ಆದರೆ ಈ ವರದಿಯಲ್ಲಿ ಫೋಲೇಟ್ 2.4. ಈ ಒಂದು ಅಂಕಿ ಹೋಮೋಸಿಸ್ಟೀನಿನ ಸಾಕ್ಷಿಯನ್ನೇ ಬದಲಿಸಿಬಿಡುತ್ತದೆ. ಇಷ್ಟು ಕಡಿಮೆ ಫೋಲೇಟ್ ಒಂದೇ ಸಾಕು ಹೋಮೋಸಿಸ್ಟೀನ್ ಏರಲು. ಆದ್ದರಿಂದ 38 ಎಂಬುದು ಬಿ-12 ಕೊರತೆಯನ್ನು ಸಾಬೀತು ಮಾಡುವುದಿಲ್ಲ. ಇಲ್ಲ ಎಂದೂ ಹೇಳುವುದಿಲ್ಲ. ಇನ್ನೊಂದು ತೊಡಕೂ ಇದೆ. ಫೋಲೇಟ್ ಕೊರತೆ ಇರುವ ಸಾಕಷ್ಟು ಜನರಲ್ಲಿ ಬಿ-12 ದಾಸ್ತಾನು ಚೆನ್ನಾಗಿದ್ದರೂ ರಕ್ತದ ಅಳತೆ ಕೆಳಗೆ ತೋರಿಸುತ್ತದೆ, ಫೋಲೇಟ್ ತುಂಬಿಕೊಟ್ಟ ಮೇಲೆ ತಾನಾಗಿಯೇ ಏರುತ್ತದೆ. ಹೀಗೆ ಫೋಲೇಟ್ ಇಳಿದಾಗ ಬಿ-12ರ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ, ಅದರ ಅನುಮಾನ ಬಿಡಿಸಬೇಕಿದ್ದ ಹೋಮೋಸಿಸ್ಟೀನೂ ಕೈಕೊಡುತ್ತದೆ.

ಹಾಗಾದರೆ ಎಲ್ಲವೂ ಫೋಲೇಟಿನದೇ ತಪ್ಪು, ಬಿ-12 ಕೊರತೆಯೇ ಇಲ್ಲ ಎನ್ನಬಹುದೇ? ಅಥವಾ ಬಿ-12 ಕೊರತೆಯೇ ಫೋಲೇಟನ್ನೂ ಇಳಿಸಿದೆ ಎನ್ನಬಹುದೇ? ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೆ ಸ್ಪಷ್ಟ ಉತ್ತರವಿದೆ. ಬಾಂಡಲಿಯ ಸಾಲನ್ನು ಮತ್ತೆ ನೆನಪಿಸಿಕೊಳ್ಳಿ. ಬಿ-12 ಗೈರಾದರೆ ಫೋಲೇಟ್ ತಂದ ಹೊರೆಯನ್ನು ಇಳಿಸಲಾಗದೆ ಹೊತ್ತುಕೊಂಡೇ ನಿಲ್ಲುತ್ತದೆ. ಜೀವಕೋಶ ಆ ರೂಪದ ಫೋಲೇಟನ್ನು ಬಳಸಲೂ ಆಗದೆ, ಹಿಡಿದಿಟ್ಟುಕೊಳ್ಳಲೂ ಆಗದೆ ರಕ್ತಕ್ಕೆ ಬಿಟ್ಟುಕೊಡುತ್ತದೆ. ಆದ್ದರಿಂದ ಬಿ-12 ಕೊರತೆ ಮಾತ್ರ ಇರುವವರ ರಕ್ತದಲ್ಲಿ ಫೋಲೇಟ್ ಸಾಮಾನ್ಯವಾಗಿ ಸರಿಯಾಗಿಯೋ ಕೊಂಚ ಹೆಚ್ಚಾಗಿಯೋ ಇರುತ್ತದೆ. ಕೆಂಪು ರಕ್ತಕಣದ ಒಳಗಿನ ಫೋಲೇಟ್ ಅಳೆದರೆ ಅದು ಬಿ-12 ಕೊರತೆಯಿಂದಲೂ ಇಳಿಯುತ್ತದೆ. ರಕ್ತದ ದ್ರವಭಾಗದಲ್ಲಿ ಅಳೆಯುವ ಸೀರಂ ಫೋಲೇಟ್ ಹಾಗಲ್ಲ. ಅದು ಇಳಿದಿದೆ ಎಂದರೆ ಆ ಕೊರತೆಗೆ ತನ್ನದೇ ಆದ ಕಾರಣವಿದೆ. ಸಸ್ಯಾಹಾರ ಎಂಬ ಒಂದೇ ಪದದಿಂದ ಅದನ್ನು ವಿವರಿಸಲಾಗದು.

ಆ ಕಾರಣ ಯಾವುದು? ಮೊದಲು ನಾನು ಅನುಮಾನಿಸುವುದು ಪರೀಕ್ಷೆಯನ್ನೇ. ರಕ್ತವನ್ನು ಕೊಳವೆಗೆ ತೆಗೆದ ಮೇಲೂ ಅದರೊಳಗಿನ ಕೆಂಪುಕಣಗಳು ಬದುಕಿರುತ್ತವೆ, ಹೋಮೋಸಿಸ್ಟೀನನ್ನು ಹೊರಕ್ಕೆ ಬಿಡುತ್ತಲೇ ಇರುತ್ತವೆ. ಮಂಜುಗಡ್ಡೆಯಲ್ಲಿ ಇಡದೆ, ಕಣಗಳನ್ನು ಬೇರ್ಪಡಿಸದೆ ಬಿಟ್ಟರೆ ಗಂಟೆಗೆ ಸುಮಾರು ಶೇಕಡಾ 10ರಷ್ಟು ಏರುತ್ತದೆ. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ರಕ್ತ ತೆಗೆದುಕೊಂಡ ಹುಡುಗ ಇನ್ನೂ ಹತ್ತು ಮನೆ ಸುತ್ತಿ ಹನ್ನೊಂದಕ್ಕೆ ಲ್ಯಾಬ್ ಮುಟ್ಟಿದರೆ, ನಿಜವಾಗಿ 12 ಇದ್ದದ್ದು 17ರ ಹತ್ತಿರ ತೋರಿಸಬಹುದು. ಅದೇ ಕೊಳವೆ ಬಿಸಿಲಿನಲ್ಲಿ, ಬೆಳಕಿನಲ್ಲಿ ಇದ್ದರೆ ಫೋಲೇಟ್ ಒಡೆದು ಕಡಿಮೆ ತೋರಿಸಬಹುದು. ಅಂದರೆ ತಡವಾದ ಸ್ಯಾಂಪಲ್ಲೊಂದು ಇವತ್ತಿನ ನಮ್ಮ ವಿಷಯವನ್ನೇ, ಕೆಳಗಿನ ಫೋಲೇಟ್ ಮತ್ತು ಮೇಲಿನ ಹೋಮೋಸಿಸ್ಟೀನ್ ಎರಡನ್ನೂ, ಸುಳ್ಳಾಗಿ ಹುಟ್ಟಿಸಬಲ್ಲದು. ಆದ್ದರಿಂದ 16, 17, 18ರಂಥ ಅಂಕಿ ಕಂಡು ಗಾಬರಿಯಾಗುವ ಮೊದಲು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೇ ಹೋಗಿ ಮತ್ತೊಮ್ಮೆ ಕೊಡಿ. ಶಿಕ್ಷಕಿಯ 38 ಈ ಕಾರಣದಿಂದ ಬಂದಿರಲಾರದು, ಅದು ತೀರಾ ಮೇಲಿದೆ.

ಮೂತ್ರಪಿಂಡ ದುರ್ಬಲವಾದರೂ, ಥೈರಾಯ್ಡ್ ಕುಂದಿದರೂ ಹೋಮೋಸಿಸ್ಟೀನ್ ಏರುತ್ತದೆ. ಆದ್ದರಿಂದ ಕ್ರಿಯಾಟಿನಿನ್, ಟಿಎಸ್‌ಎಚ್ ನೋಡದೆ ವಿಟಮಿನ್ನಿನ ಮೇಲೆ ಆರೋಪ ಹೊರಿಸಬಾರದು. ಈಕೆಗೆ ಎರಡೂ ಸರಿ ಇವೆ ಎಂದುಕೊಳ್ಳೋಣ.

ಮುಂದಿನದು ಊಟ. ಸೀರಂ ಫೋಲೇಟ್ ಬಹಳ ಬೇಗ ಇಳಿಯುವ ಅಂಕಿ. ಅಮೆರಿಕದ ವೈದ್ಯ ವಿಕ್ಟರ್ ಹರ್ಬರ್ಟ್ 1960ರ ದಶಕದ ಆರಂಭದಲ್ಲಿ ಇದನ್ನು ತಮ್ಮ ಮೇಲೆಯೇ ಪ್ರಯೋಗಿಸಿ ನೋಡಿದರು. ಆಹಾರವನ್ನು ಮೂರು ಮೂರು ಸಲ ಕುದಿಸಿ, ನೀರು ಚೆಲ್ಲಿ, ಫೋಲೇಟ್ ತೆಗೆದುಹಾಕಿದ ಊಟವನ್ನೇ ತಿಂಗಳುಗಟ್ಟಲೆ ತಿಂದರು. ಮೂರನೇ ವಾರಕ್ಕೆ ಸೀರಂ ಫೋಲೇಟ್ ಇಳಿಯಿತು. ಏಳನೇ ವಾರಕ್ಕೆ ಬಿಳಿ ರಕ್ತಕಣಗಳ ಆಕಾರ ಕೆಟ್ಟಿತು. ರಕ್ತಹೀನತೆ ಕಾಣಿಸಿಕೊಳ್ಳಲು ನಾಲ್ಕೂವರೆ ತಿಂಗಳು ಹಿಡಿಯಿತು. ಫೋಲೇಟಿನ ದಾಸ್ತಾನು ತಿಂಗಳುಗಳ ಲೆಕ್ಕದ್ದು. ಬಿ-12 ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದು ವಾರ ಜ್ವರ ಬಂದು ಗಂಜಿ ಕುಡಿದವರಿಗೂ ಸೀರಂ ಫೋಲೇಟ್ ತುಸು ಕೆಳಗಿರಬಹುದು. ಆದರೆ ಅಂಥವರಿಗೆ ಹೋಮೋಸಿಸ್ಟೀನ್ 38 ಆಗುವುದಿಲ್ಲ. ಫೋಲೇಟ್ ಇಳಿತ ನಾಲ್ಕು ದಿನದ್ದೋ, ದೇಹದ ಕೆಲಸಕ್ಕೆ ಅಡ್ಡಿ ಮಾಡುವಷ್ಟು ಹಳೆಯದೋ ಎಂಬುದನ್ನು ಹೋಮೋಸಿಸ್ಟೀನ್ ಹೇಳುತ್ತದೆ. ಬಿ-12ರ ವಿಷಯದಲ್ಲಿ ಕಳೆದುಕೊಂಡ ಸಾಕ್ಷಿಯ ಬೆಲೆಯನ್ನು ಅದು ಇಲ್ಲಿ ಉಳಿಸಿಕೊಳ್ಳುತ್ತದೆ.

ಹರ್ಬರ್ಟ್ ಪ್ರಯೋಗಕ್ಕೆಂದು ಮಾಡಿದ್ದನ್ನು ನಮ್ಮ ಅನೇಕ ಅಡುಗೆಮನೆಗಳು ಅಭ್ಯಾಸದಿಂದ ಮಾಡುತ್ತವೆ. ಫೋಲೇಟ್ ನೀರಿನಲ್ಲಿ ಕರಗುವ ವಸ್ತು, ಕಾವಿಗೂ ಒಡೆಯುತ್ತದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಆಮೇಲೆ ತೊಳೆದು, ತುಂಬ ನೀರಿನಲ್ಲಿ ಬೇಯಿಸಿ, ಹಿಂಡಿ ಪಲ್ಯ ಮಾಡಿ, ಆ ಹಸಿರು ನೀರನ್ನು ಚೆಲ್ಲಿದರೆ ಫೋಲೇಟಿನ ದೊಡ್ಡ ಪಾಲು ಮೋರಿ ಸೇರಿತು. ಹಳೇ ಮೈಸೂರು ಸೀಮೆಯ ಬಸ್ಸಾರು ಈ ದೃಷ್ಟಿಯಿಂದ ನನಗೆ ಬಹಳ ಮೆಚ್ಚುಗೆಯ ಅಡುಗೆ. ಸೊಪ್ಪು ಕಾಳು ಬೇಯಿಸಿ ಬಸಿದ ಕಟ್ಟೇ ಅಲ್ಲಿ ಸಾರಾಗುತ್ತದೆ, ಬೆಂದ ಸೊಪ್ಪು ಕಾಳು ಪಲ್ಯವಾಗುತ್ತದೆ. ನೀರಿಗೆ ಇಳಿದದ್ದೂ ತಟ್ಟೆಗೇ ಬರುತ್ತದೆ. ಕಾವಿಗೆ ಹೋದದ್ದು ಹೋಯಿತು, ಉಳಿದದ್ದು ಚೆಲ್ಲಿಹೋಗುವುದಿಲ್ಲ.

ನಮ್ಮ ಶಿಕ್ಷಕಿಯ ದಿನಚರಿ ಕೇಳಿದರೆ ಹೀಗಿದೆ: ಬೆಳಿಗ್ಗೆ ಕಾಫಿ, ಉಪ್ಪಿಟ್ಟು; ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಬೇಳೆ ಕಾಣದ ತಿಳಿಸಾರು; ರಾತ್ರಿ ಅದೇ ಸಾರು ಮತ್ತೆ ಕುದಿಸಿದ್ದು. ಸೊಪ್ಪು ವಾರಕ್ಕೊಮ್ಮೆ, ಅದೂ ನೀರು ಬಸಿದು. ಶೀತವಾಗುತ್ತದೆಂದು ಮೊಸರು ಬಿಟ್ಟಿದ್ದಾರೆ, ಸಕ್ಕರೆ ಕಾಯಿಲೆ ಬಂದ ಮೇಲೆ ಹಾಲನ್ನೂ ಇಳಿಸಿದ್ದಾರೆ. ಇದು ಸಸ್ಯಾಹಾರ ಹೌದು, ಆದರೆ ಕಾಳೂ ಇಲ್ಲದ, ಸೊಪ್ಪೂ ಇಲ್ಲದ, ಮೊಸರೂ ಇಲ್ಲದ ಸಸ್ಯಾಹಾರ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಫೋಲೇಟ್ ಅತ್ಯಲ್ಪ. ಹೀಗೆ ಫೋಲೇಟಿನ ದಾರಿಯೂ ಬಿ-12ರ ದಾರಿಯೂ ಒಂದೇ ತಟ್ಟೆಯಲ್ಲಿ ಮುಚ್ಚಿವೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಕರುಳು ಬಿ-12 ಹೀರುವುದು ಕುಗ್ಗುತ್ತದೆ. ಅದೂ ಇಲ್ಲಿ ಸೇರಿಕೊಂಡಿದೆ.

ಚೆನ್ನಾಗಿ ಸೊಪ್ಪು ಕಾಳು ತಿನ್ನುವವರಲ್ಲಿಯೂ ಫೋಲೇಟ್ ಕಡಿಮೆ ಬಂದರೆ ಹುಡುಕಾಟ ಬೇರೆ ಕಡೆ ಸಾಗಬೇಕು. ಮೂರ್ಛೆರೋಗಕ್ಕೆ ಫೆನಿಟಾಯಿನ್, ಕೀಲುವಾತಕ್ಕೆ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದಾರೆಯೇ? ಮದ್ಯದ ಅಭ್ಯಾಸವಿದೆಯೇ? ಗರ್ಭಿಣಿಯೇ? ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಿದ್ದು ಕರುಳೇ ಹೀರಿಕೊಳ್ಳುತ್ತಿಲ್ಲವೇ? ಬಿ-12ರ ಅಂಕಿಯೊಂದನ್ನೇ ನೋಡಿದ್ದರೆ ಈ ಪ್ರಶ್ನೆಗಳು ಹುಟ್ಟುವುದೇ ಇಲ್ಲ. "ಸಸ್ಯಾಹಾರಿ, ಅದಕ್ಕೇ ಕಡಿಮೆ" ಎಂದು ಕಡತ ಮುಚ್ಚುತ್ತಿದ್ದೆವು.

ಇನ್ನು ಮೊದಲ ಪ್ರಶ್ನೆ: ಈಕೆಗೆ ಬಿ-12 ಕೊರತೆ ಇದೆಯೇ, ಇಲ್ಲವೇ? ಇದನ್ನು ಬಿಡಿಸಲು ಮೀಥೈಲ್ ಮೆಲೋನಿಕ್ ಆಸಿಡ್ ಎಂಬ ಪರೀಕ್ಷೆ ಇದೆ. ಬಿ-12 ದೇಹದಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದರಲ್ಲಿ ಫೋಲೇಟಿನ ಪಾತ್ರವೇ ಇಲ್ಲ. ಆ ಕೆಲಸ ನಿಂತಾಗ ಈ ಆಮ್ಲ ಏರುತ್ತದೆ. ಫೋಲೇಟ್ ಮಾತ್ರ ಕಡಿಮೆಯಾದವರಲ್ಲಿ ಹೋಮೋಸಿಸ್ಟೀನ್ ಏರಿ ಇದು ಸರಿಯಾಗಿರುತ್ತದೆ; ಬಿ-12 ಕಡಿಮೆಯಾದವರಲ್ಲಿ ಎರಡೂ ಏರುತ್ತವೆ. ಮೂತ್ರಪಿಂಡದ ತೊಂದರೆ ಇದ್ದರೆ ಇದೂ ದಾರಿ ತಪ್ಪಿಸುತ್ತದೆ. ಪರೀಕ್ಷೆ ದುಬಾರಿ, ಎಲ್ಲ ಊರುಗಳಲ್ಲೂ ಮಾಡುವುದಿಲ್ಲ, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಹೋಗಬೇಕು. ಆದರೂ ಈ ಒಂದು ಸಂದರ್ಭದಲ್ಲಿ, ಅಂದರೆ ಬಿ-12 ಅನುಮಾನದಲ್ಲಿದ್ದು ಫೋಲೇಟ್ ಇಳಿದಿರುವಾಗ, ಅದಕ್ಕೆ ಖರ್ಚು ಮಾಡುವುದು ಸಾರ್ಥಕ.

ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಕೂಡ ಇಲ್ಲಿ ನೆರವಾಗುತ್ತದೆ, ಅದು ಅಗ್ಗ. ಬಿ-12 ಅಥವಾ ಫೋಲೇಟ್ ಕೊರತೆಯಲ್ಲಿ ಕೆಂಪುಕಣಗಳು ದೊಡ್ಡದಾಗುತ್ತವೆ ಎಂದು ಕೇಳಿರುತ್ತೀರಿ. ಈಕೆಯ ಕಣಗಳ ಸರಾಸರಿ ಗಾತ್ರ 91, ತೀರಾ ಸಾಧಾರಣ. ಅದನ್ನು ನೋಡಿ ವಿಟಮಿನ್ ಕೊರತೆ ಇಲ್ಲ ಎನ್ನುವಂತಿಲ್ಲ. ಫೆರಿಟಿನ್ 8 ಇದೆ, ಅಂದರೆ ಕಬ್ಬಿಣವೂ ಬರಿದಾಗಿದೆ. ಕಬ್ಬಿಣದ ಕೊರತೆ ಕಣವನ್ನು ಚಿಕ್ಕದು ಮಾಡುತ್ತದೆ, ವಿಟಮಿನ್ ಕೊರತೆ ದೊಡ್ಡದು ಮಾಡುತ್ತದೆ, ಸರಾಸರಿ ಮಧ್ಯದಲ್ಲಿ ಬಂದು ನಿಲ್ಲುತ್ತದೆ. ಕಣಗಳ ಗಾತ್ರದ ಏರುಪೇರು ತೋರಿಸುವ ಆರ್‌ಡಿಡಬ್ಲ್ಯು 19ಕ್ಕೆ ಏರಿರುವುದು ಇದರ ಸುಳಿವು. ಸೂಕ್ಷ್ಮದರ್ಶಕದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ಕೇಂದ್ರ ಐದಾರು ತುಂಡಾಗಿ ಕಾಣುತ್ತದೆ. ಆದರೆ ಸ್ಮಿಯರ್ ಕೂಡ ಬಿ-12ರದೋ ಫೋಲೇಟಿನದೋ ಎಂದು ಹೇಳಲಾರದು.

ಅಂಗಾಲಿನ ಜುಮುಜುಮು ಇರುವವರನ್ನು ಪರೀಕ್ಷೆಯ ಫಲಿತಾಂಶಕ್ಕಾಗಿ ಹತ್ತು ದಿನ ಕಾಯಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಆ ಜುಮುಜುಮು ಸಕ್ಕರೆ ಕಾಯಿಲೆಯದೂ ಆಗಿರಬಹುದು, ಬಿ-12ರದೂ ಆಗಿರಬಹುದು. ಮೀಥೈಲ್ ಮೆಲೋನಿಕ್ ಆಸಿಡ್‌ಗೆ ರಕ್ತ ತೆಗೆದಿಟ್ಟು, ಅದೇ ದಿನ ಬಿ-12 ಇಂಜೆಕ್ಷನ್ ಶುರು ಮಾಡಬೇಕು. ಫೋಲಿಕ್ ಆಸಿಡ್ ಅದರ ಜೊತೆಗೆ ಅಥವಾ ಆಮೇಲೆ. ಒಂಟಿಯಾಗಿ ಮೊದಲು ಎಂದೂ ಅಲ್ಲ. ಈ ಎಚ್ಚರ ಬಂದದ್ದು ಕಹಿ ಅನುಭವದಿಂದ. 1940ರ ದಶಕದಲ್ಲಿ ಫೋಲಿಕ್ ಆಸಿಡ್ ಮಾತ್ರೆ ಬಳಕೆಗೆ ಬಂದಾಗ, ಬಿ-12 ಹೀರಲಾಗದ ರಕ್ತಹೀನತೆಯ ರೋಗಿಗಳಿಗೆ ಅದನ್ನೇ ಕೊಟ್ಟರು. ಹಿಮೋಗ್ಲೋಬಿನ್ ಏರಿತು, ರೋಗಿಗೂ ವೈದ್ಯರಿಗೂ ಸಮಾಧಾನವಾಯಿತು. ಅಷ್ಟರಲ್ಲಿ ಬೆನ್ನುಹುರಿಯ ಹಾನಿ ಮುಂದುವರಿದು, ಕೆಲವರಿಗೆ ನಡೆಯುವಾಗ ಕಾಲು ಎಲ್ಲಿ ಊರುತ್ತಿದ್ದೇವೆ ಎಂಬ ಅರಿವೇ ತಪ್ಪಿತು. ಬಿ-12 ಆಗಿನ್ನೂ ಕೈಗೆ ಸಿಕ್ಕಿರಲಿಲ್ಲ, ಅದು ಪ್ರತ್ಯೇಕಗೊಂಡದ್ದು 1948ರಲ್ಲಿ. ನಮ್ಮ ಔಷಧ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಫೋಲಿಕ್ ಆಸಿಡ್ ಮಾತ್ರೆ 5 ಮಿಲಿಗ್ರಾಂನದು, ದಿನದ ಅಗತ್ಯದ ಹತ್ತಾರು ಪಟ್ಟು. ವರದಿಯಲ್ಲಿ ಫೋಲೇಟ್ ಕೆಂಪಾಗಿ ಕಂಡಿತೆಂದು ಅದನ್ನು ತಾವೇ ಕೊಂಡು ನುಂಗುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಒಬ್ಬ ಹಿರಿಯರು ಕೇಳಿದರು: "ಹೋಮೋಸಿಸ್ಟೀನ್ ಹೆಚ್ಚಾದರೆ ಹೃದಯಾಘಾತ ಆಗುತ್ತದೆ ಎನ್ನುತ್ತಾರೆ. ಹೃದಯದ ಪ್ಯಾಕೇಜಿನಲ್ಲೇ ಇದನ್ನು ಮಾಡಿಸಿದ್ದೆ. ಹೆದರಬೇಕೇ?" ಹೋಮೋಸಿಸ್ಟೀನ್ ಹೆಚ್ಚಿರುವವರಲ್ಲಿ ಹೃದ್ರೋಗ, ಪಾರ್ಶ್ವವಾಯು ಹೆಚ್ಚು ಕಂಡಿದೆ, ನಿಜ. ಆದರೆ ವಿಟಮಿನ್ ಕೊಟ್ಟು ಅದನ್ನು ಇಳಿಸಿದ ದೊಡ್ಡ ಪ್ರಯೋಗಗಳಲ್ಲಿ ಹೃದಯಾಘಾತಗಳು ಕಡಿಮೆಯಾಗಲಿಲ್ಲ. ಪಾರ್ಶ್ವವಾಯುವಿನಲ್ಲಿ ಸ್ವಲ್ಪ ಪ್ರಯೋಜನ ಕೆಲವು ಕಡೆ ಕಂಡಿತು. 2015ರಲ್ಲಿ ಪ್ರಕಟವಾದ ಚೀನಾದ ಅಧ್ಯಯನ ಅಂಥದ್ದು, ಅದು ಅಧಿಕ ರಕ್ತದೊತ್ತಡ ಇರುವವರ ಮೇಲೆ ನಡೆದದ್ದು. ಆದ್ದರಿಂದ ನಿಮ್ಮ ಹೃದಯದ ಲೆಕ್ಕ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ತಂಬಾಕಿನದೇ ಆಗಿರಲಿ. ಸಸ್ಯಾಹಾರಿಯ ವರದಿಯಲ್ಲಿ ಏರಿದ ಹೋಮೋಸಿಸ್ಟೀನನ್ನು ಮೊದಲು ವಿಟಮಿನ್ ಕೊರತೆಯ ಸೂಚನೆಯಾಗಿ ಓದಿ.

ಇನ್ನೊಬ್ಬರು ಕೇಳಿದರು: "ಚಿಕಿತ್ಸೆ ಫಲಿಸಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು, ಎಷ್ಟು ದಿನ ತೆಗೆದುಕೊಳ್ಳಬೇಕು?" ಇಂಜೆಕ್ಷನ್ ಆದ ಮೇಲೆ ಬಿ-12 ಅಳೆದರೆ ಸಾವಿರದ ಮೇಲೆ ಬರುತ್ತದೆ. ಅದು ಚುಚ್ಚಿದ್ದು ರಕ್ತದಲ್ಲಿದೆ ಎಂದಷ್ಟೇ ತಿಳಿಸುತ್ತದೆ. ಮತ್ತೆ ನೋಡಬೇಕಾದದ್ದು ಹೋಮೋಸಿಸ್ಟೀನ್. ಎರಡೂ ವಿಟಮಿನ್ ಸಿಕ್ಕಿದರೆ ಅದು ವಾರಗಳಲ್ಲೇ ಇಳಿಯುತ್ತದೆ. ಎರಡು ತಿಂಗಳಿಗೆ ನೋಡಿದಾಗ 38 ಇದ್ದದ್ದು 12ಕ್ಕೋ 13ಕ್ಕೋ ಬಂದರೆ ಕಾರಣ ಸರಿಯಾಗಿ ಹಿಡಿದಿದ್ದೇವೆ. 25ರಲ್ಲೇ ನಿಂತರೆ ಮಾತ್ರೆ ಸರಿಯಾಗಿ ತೆಗೆದುಕೊಂಡಿದ್ದಾರೆಯೇ, ಮೂತ್ರಪಿಂಡ ಮತ್ತು ಥೈರಾಯ್ಡ್ ಈಗಲೂ ಸರಿಯೇ, ಸ್ಯಾಂಪಲ್ ತಡವಾಯಿತೇ ಎಂದು ಮತ್ತೆ ಕೇಳಬೇಕು. ಜುಮುಜುಮು ಇಳಿಯಲು ತಿಂಗಳುಗಳೇ ಬೇಕು, ಅದು ಹೋಗಿಲ್ಲವೆಂದು ಚಿಕಿತ್ಸೆ ಸೋತಿತು ಎಂದುಕೊಳ್ಳಬೇಡಿ. ಫೋಲಿಕ್ ಆಸಿಡ್ ಸಾಮಾನ್ಯವಾಗಿ ನಾಲ್ಕು ತಿಂಗಳು ಸಾಕು, ಅಷ್ಟರಲ್ಲಿ ಹಳೆಯ ಕೆಂಪುಕಣಗಳೆಲ್ಲ ಹೋಗಿ ಹೊಸವು ಬಂದಿರುತ್ತವೆ. ಆಮೇಲೆ ಕಾಳು, ಸೊಪ್ಪು, ಚೆಲ್ಲದ ಕಟ್ಟು ಅದನ್ನು ನೋಡಿಕೊಳ್ಳುತ್ತವೆ. ಬಿ-12 ಹಾಗಲ್ಲ. ಮಾಂಸ, ಮೊಟ್ಟೆ ಇಲ್ಲದ ಊಟ ಮತ್ತು ಮೆಟ್‌ಫಾರ್ಮಿನ್ ಎರಡೂ ಮುಂದುವರಿಯುವವರೆಗೆ ಬಿ-12 ಮಾತ್ರೆಯೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಮುಂದುವರಿಯಬೇಕು.